ತೀರಾ ದೊಡ್ಡ, ತೀರಾ ಚಿಕ್ಕ ಪಾದಗಳಿಗೆ ಸರಿಯಾದ ಶೂ: ಪದೇ ಪದೇ ಕೇಳುವ ಪ್ರಶ್ನೆಗಳು

ಶೂ ಅಂಗಡಿಯ ಕೌಂಟರ್ ಹಿಂದೆ ನಿಂತವರಿಗೆ ಎರಡು ಥರದ ಗಿರಾಕಿಗಳು ಚೆನ್ನಾಗಿ ಗೊತ್ತು. ಒಬ್ಬರು ಬಾಗಿಲಲ್ಲೇ "12 ಇದೆಯಾ?" ಅಂತ ಕೇಳಿ, ಇಲ್ಲ ಅಂದ ಕೂಡಲೇ ತಿರುಗಿ ಹೋಗುವವರು. ಇನ್ನೊಬ್ಬರು ಹೆಂಗಸರ ಸಾಲಿನಲ್ಲಿ 4ನೇ ನಂಬರ್ ಹಾಕಿಕೊಂಡು, ಹಿಮ್ಮಡಿ ಕಳಚುತ್ತಿದ್ದರೂ "ನಡೆಯುತ್ತೆ ಬಿಡಿ" ಅಂತ ದುಡ್ಡು ಕೊಡುವವರು. ಇಬ್ಬರಿಗೂ ಸರಿಯಾದ ಶೂ ಸಿಗುತ್ತದೆ. ಅದಕ್ಕೆ ಮೊದಲು ನಂಬರ್ ಬಿಟ್ಟು ಮಿಲಿಮೀಟರ್ ಲೆಕ್ಕಕ್ಕೆ ಬರಬೇಕು. ನಮ್ಮ ಅಂಗಡಿಯಲ್ಲಿ ಇವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ಸೈಜ್ ಅಂಗಡಿಗಳಲ್ಲಿ ಯಾಕೆ ಇರುವುದೇ ಇಲ್ಲ?

ಅಂಗಡಿಯವರು ಒಂದೊಂದೇ ಜೊತೆ ಆರಿಸಿ ತರುವುದಿಲ್ಲ. ಹೋಲ್‌ಸೇಲ್‌ನಲ್ಲಿ ಶೂ ಬರುವುದು ಸೆಟ್ ಲೆಕ್ಕದಲ್ಲಿ. ಗಂಡಸರ ಸೆಟ್ ಅಂದರೆ ಸಾಮಾನ್ಯವಾಗಿ 6ರಿಂದ 10, ಅದರಲ್ಲಿ 7, 8, 9 ಜಾಸ್ತಿ. ಹೆಂಗಸರದ್ದು 4ರಿಂದ 8. ಸೆಟ್ ಒಡೆದು ನಿಮಗಾಗಿ ಒಂದು 12 ತರಿಸಲು ಎಷ್ಟೋ ಅಂಗಡಿಯವರಿಗೆ ಆಗುವುದೇ ಇಲ್ಲ.

ಕಾರ್ಖಾನೆಯಲ್ಲೂ ಇದೇ ಕಥೆ. ಪ್ರತಿ ಸೈಜಿಗೂ ಪಾದದ ಆಕಾರದ ಅಚ್ಚು ಬೇರೆ, ಸೋಲ್ ಹೊಯ್ಯುವ ಮೋಲ್ಡ್ ಬೇರೆ. ಮೋಲ್ಡ್‌ಗೆ ತುಂಬಾ ದುಡ್ಡು ಬೇಕು. ವರ್ಷಕ್ಕೆ ಕೆಲವೇ ಜೊತೆ ಹೋಗುವ ಸೈಜಿಗೆ ಅಷ್ಟು ಹಾಕಲು ಯಾರೂ ಮುಂದೆ ಬರುವುದಿಲ್ಲ. ಹಾಗಾಗಿ ಹತ್ತು ಅಂಗಡಿ ಸುತ್ತುವುದಕ್ಕಿಂತ, ನಿಮ್ಮ ಸೈಜ್ ಇರುವ ಕಂಪನಿ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳುವುದು ಮೇಲು.

ಮನೆಯಲ್ಲೇ ಪಾದ ಅಳೆಯುವುದು ಹೇಗೆ?

ಸಂಜೆ ಅಳೆಯಿರಿ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಶೂ ಆ ಪಾದಕ್ಕೂ ಹಿಡಿಸಬೇಕು, ಅಲ್ವಾ? ಯಾವ ಸಾಕ್ಸ್ ಹಾಕುತ್ತೀರೋ ಅದನ್ನೇ ಹಾಕಿಕೊಳ್ಳಿ.

ಗೋಡೆಗೆ ತಾಗಿಸಿ ನೆಲದ ಮೇಲೆ ಒಂದು ಹಾಳೆ ಇಡಿ. ಹಿಮ್ಮಡಿ ಗೋಡೆಗೆ ಮುಟ್ಟುವಂತೆ ನಿಂತುಕೊಳ್ಳಿ. ಕುಳಿತು ಅಳೆಯಬೇಡಿ, ಮೈಭಾರ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಬಗ್ಗಿ ಗೆರೆ ಎಳೆಯಲು ಹೋದರೆ ಭಾರ ಹಿಂದೆ ಮುಂದೆ ಆಗುತ್ತದೆ, ಅದಕ್ಕೆ ಮನೆಯಲ್ಲಿ ಬೇರೆಯವರ ಕೈಯಲ್ಲಿ ಗುರುತು ಹಾಕಿಸಿ. ಪೆನ್ಸಿಲ್ ನೆಟ್ಟಗೆ ಇರಲಿ. ಒಳಕ್ಕೆ ವಾಲಿದರೆ ನಾಲ್ಕೈದು ಮಿಲಿಮೀಟರ್ ಅಲ್ಲೇ ಕಮ್ಮಿ ಬರುತ್ತದೆ.

ಬರೆದುಕೊಳ್ಳಬೇಕಾದ ಅಳತೆ ಮೂರು. ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿವರೆಗೆ ಒಟ್ಟು ಉದ್ದ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುತ್ತದೆ, ಆಗ ಅದನ್ನೇ ಹಿಡಿಯಿರಿ. ಎರಡನೆಯದು, ಗೋಡೆಯಿಂದ ಹೆಬ್ಬೆರಳಿನ ಬುಡದ ಗಂಟಿನವರೆಗಿನ ದೂರ. ಪಾದ ಮಡಚುವುದು ಅಲ್ಲೇ. ಮೂರನೆಯದು, ಹೆಬ್ಬೆರಳಿನ ಗಂಟಿನಿಂದ ಕಿರುಬೆರಳಿನ ಗಂಟಿನವರೆಗಿನ ಅಗಲ.

ಎರಡೂ ಪಾದ ಅಳೆಯಿರಿ. ಒಂದು ದೊಡ್ಡದು ಬಂದೇ ಬರುತ್ತದೆ. ಲೆಕ್ಕಕ್ಕೆ ಆ ದೊಡ್ಡದೇ.

ಅಮೆರಿಕದ ಶೂ ಅಂಗಡಿಗಳಲ್ಲಿ ಬ್ರಾನಾಕ್ ಅನ್ನುವ ಲೋಹದ ತಟ್ಟೆ ಇರುತ್ತದೆ. ಸಿರಾಕ್ಯೂಸ್ ಊರಿನ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ಮಾಡಿದ್ದು. ಅದೂ ಅಳೆಯುವುದು ಇದೇ ಮೂರನ್ನು. ನಮ್ಮಲ್ಲಿ ಅದು ಅಪರೂಪ. ಹಾಳೆ, ಪೆನ್ಸಿಲ್, ಸ್ಕೇಲ್ ಸಾಕು.

ಅಳತೆ ಸಿಕ್ಕಿತು. ನನ್ನ ಸೈಜ್ ಎಷ್ಟು ಅಂತ ತಿಳಿಯುವುದು ಹೇಗೆ?

ಇಂಡಿಯಾದಲ್ಲಿ ನಡೆಯುವುದು ಯುಕೆ ನಂಬರ್. ಅದರಲ್ಲಿ ಒಂದು ಸೈಜಿಂದ ಇನ್ನೊಂದಕ್ಕೆ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.47 ಮಿಲಿಮೀಟರ್. ಈ ನಂಬರ್ ಹೇಳುವುದು ಅಚ್ಚಿನ ಉದ್ದವನ್ನು. ಬೆರಳಿನ ಮುಂದೆ ಜಾಗ ಬೇಕಾಗಿರುವುದರಿಂದ ಅಚ್ಚು ಪಾದಕ್ಕಿಂತ ಸುಮಾರು 15 ಮಿಲಿಮೀಟರ್ ಉದ್ದ ಇರುತ್ತದೆ. ಆದ್ದರಿಂದ ದೊಡ್ಡವರಿಗೆ ಅಂದಾಜು ಲೆಕ್ಕ ಹೀಗೆ:

```
ಯುಕೆ ಸೈಜ್ = (ಪಾದದ ಉದ್ದ ಮಿ.ಮೀ. + 15) ÷ 8.47 − 25
ಯುರೋಪ್ ಸೈಜ್ = (ಪಾದದ ಉದ್ದ ಮಿ.ಮೀ. + 15) ÷ 6.67
```

ವಾಲಿಬಾಲ್ ಆಡುವ ಒಬ್ಬ ಕಾಲೇಜು ಹುಡುಗನ ಅಳತೆ ಹಿಡಿದು ನೋಡೋಣ. ಎಡಗಾಲು 294, ಬಲಗಾಲು 297. ದೊಡ್ಡದು 297. ಅದಕ್ಕೆ 15 ಕೂಡಿಸಿದರೆ 312. 8.47ರಿಂದ ಭಾಗಿಸಿದರೆ 36.84, ಅದರಲ್ಲಿ 25 ಕಳೆದರೆ 11.84. ಅಂದರೆ ಯುಕೆ 12, ಯುರೋಪ್ 47.

ಅವನು ಹಾಕುತ್ತಿದ್ದದ್ದು 11. ಅಂಗಡಿಯಲ್ಲಿ ಇದ್ದದ್ದರಲ್ಲಿ ಅದೇ ದೊಡ್ಡದು. ನಿಂತಾಗ ಏನೂ ತೊಂದರೆ ಇರಲಿಲ್ಲವಂತೆ. ಆಡಿ ಬಂದ ಮೇಲೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿರುತ್ತಿತ್ತು. ಶೂ ಒಳಗಿನ ಇನ್ಸೋಲ್ ಎಳೆದು ಅಳೆದರೆ 302 ಮಿಲಿಮೀಟರ್. ಅವನ ಬಲಗಾಲಿನ ಮುಂದೆ ಉಳಿಯುತ್ತಿದ್ದದ್ದು ಬರೀ 5. ಹಾರಿ ಕೆಳಗಿಳಿದಾಗ ಪಾದ ಶೂ ಒಳಗೆ ಮುಂದಕ್ಕೆ ಜಾರುತ್ತದೆ, ಆ 5 ಮಿಲಿಮೀಟರ್ ಮುಗಿದು ಉಗುರು ಹೋಗಿ ಬಡಿಯುತ್ತದೆ. ಕಪ್ಪಾದ ಉಗುರು ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಶೂ ಉದ್ದದ ಮೇಲೆ.

ಒಂದು ಎಚ್ಚರಿಕೆ. ಕಂಪನಿಯಿಂದ ಕಂಪನಿಗೆ ಅಚ್ಚು ಬೇರೆ. ಒಂದರ 12 ಇನ್ನೊಂದರ 11ರಷ್ಟೇ ಇರಬಹುದು. ಡಬ್ಬದ ಮೇಲೆ CM ಅಥವಾ JP ಅಂತ ಒಂದು ಅಂಕಿ ಇದ್ದರೆ ಅದನ್ನೂ ನೋಡಿ. ಅದು ಯಾವ ಉದ್ದದ ಪಾದಕ್ಕೆ ಅಂತ ಸೆಂಟಿಮೀಟರ್‌ನಲ್ಲಿ ಹೇಳುತ್ತದೆ. ಕೊನೆಗೆ ನಂಬಬೇಕಾದದ್ದು ಇನ್ಸೋಲನ್ನು. ಹೊರಗೆ ತೆಗೆದು ಅದರ ಮೇಲೆ ನಿಂತುಕೊಳ್ಳಿ. ಬೆರಳಿನ ಮುಂದೆ 10ರಿಂದ 12 ಮಿಲಿಮೀಟರ್ ಉಳಿಯಬೇಕು.

ದೊಡ್ಡ ಸೈಜ್ ತಗೊಂಡರೆ ಹಿಮ್ಮಡಿ ಜಾರುತ್ತದೆ, ಚಿಕ್ಕದು ತಗೊಂಡರೆ ಕಿರುಬೆರಳು ನೋಯುತ್ತದೆ. ಯಾವುದು ಸರಿ?

ಎರಡೂ ತಪ್ಪು. ನಿಮ್ಮ ತೊಂದರೆ ಉದ್ದದ್ದಲ್ಲ, ಅಗಲದ್ದು.

ದೊಡ್ಡ ಪಾದದವರಲ್ಲಿ ಇದು ಬಹಳ. ಪಾದ ಮುಂದೆ ಅಗಲ ಇರುತ್ತದೆ, ಅಂಗಡಿಯಲ್ಲಿ ಅಗಲದ ಶೂ ಇರುವುದಿಲ್ಲ. ಆಗ ಒಂದೆರಡು ಸೈಜ್ ಉದ್ದದ್ದು ಕೊಡುತ್ತಾರೆ. ಮುಂದೆ ಸಡಿಲ ಆಗುತ್ತದೆ ನಿಜ. ಆದರೆ ಹಿಂದೆಯೂ ಸಡಿಲ ಆಗುತ್ತದೆ, ಮಡಚುವ ಜಾಗವೂ ಮುಂದಕ್ಕೆ ಹೋಗುತ್ತದೆ. ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ. ಶೂ ಕಳಚದಿರಲಿ ಅಂತ ಬೆರಳು ಮುದುರಿ ಹಿಡಿದು ನಡೆಯುವ ಅಭ್ಯಾಸವೂ ಬಂದುಬಿಡುತ್ತದೆ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. 3ಡಿ ಸ್ಕ್ಯಾನರ್ ಬಳಸಿದ್ದರು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಅಂತ ಕಂಡುಬಂತು. ಆ ಅಳತೆಗಳ ಮೇಲೆಯೇ 'ಭಾ' ಅನ್ನುವ ನಮ್ಮದೇ ಸೈಜ್ ಪದ್ಧತಿಯನ್ನು ರೂಪಿಸಿದ್ದಾರೆ. ಅಂದರೆ ಕಿರುಬೆರಳು ಒತ್ತುತ್ತಿದ್ದರೆ ನಿಮ್ಮ ಪಾದದಲ್ಲಿ ದೋಷ ಏನೂ ಇಲ್ಲ. ಅಚ್ಚು ಬೇರೆಯವರ ಪಾದಕ್ಕೆ ಮಾಡಿದ್ದು, ಅಷ್ಟೇ.

ಇದನ್ನು ಪರೀಕ್ಷಿಸುವುದು ಸುಲಭ. ಇನ್ಸೋಲ್ ಮೇಲೆ ನಿಂತಾಗ ಬೆರಳಿನ ಮುಂದೆ ಜಾಗ ಸರಿ ಇದ್ದು, ಕಿರುಬೆರಳಿನ ಪಕ್ಕ ಪಾದ ಅಂಚು ದಾಟಿ ಹೊರಗೆ ಬಂದರೆ ಅದೇ ಉದ್ದದಲ್ಲಿ ಅಗಲದ ಶೂ ಹುಡುಕಿ. ಗಂಡಸರ ಸಾಮಾನ್ಯ ಅಗಲವನ್ನು D ಅಂತ ಬರೆಯುತ್ತಾರೆ, ಅದಕ್ಕಿಂತ ಅಗಲದ್ದು 2E, ಇನ್ನೂ ಅಗಲದ್ದು 4E. ನ್ಯೂ ಬ್ಯಾಲೆನ್ಸ್, ಆಸಿಕ್ಸ್ ಕಂಪನಿಗಳು ಕೆಲವು ಮಾಡೆಲ್‌ಗಳನ್ನು ಈ ಅಗಲಗಳಲ್ಲಿ ಮಾಡುತ್ತವೆ. ಆನ್‌ಲೈನ್‌ನಲ್ಲಿ ಮಾಡೆಲ್ ಹೆಸರಿನ ಜೊತೆ 2E ಅಂತ ಹಾಕಿಯೇ ಹುಡುಕಿ, ಸುಮ್ನೆ "ದೊಡ್ಡ ಶೂ" ಅಂತ ಹುಡುಕಿದರೆ ಬರುವುದಿಲ್ಲ.

ಫಾರ್ಮಲ್ ಶೂ ಬೇಕಾದರೆ ಡರ್ಬಿ ಮಾದರಿ ನೋಡಿ. ಅದರಲ್ಲಿ ಲೇಸ್ ಕಟ್ಟುವ ಎರಡು ರೆಕ್ಕೆಗಳು ಮೇಲ್ಗಡೆ ಬಿಡಿಯಾಗಿರುತ್ತವೆ, ಪಾದದ ಮೇಲ್ಭಾಗ ಉಬ್ಬಿದ್ದರೂ ಅಗಲಿಸಿ ಕಟ್ಟಬಹುದು. ಆಕ್ಸ್‌ಫರ್ಡ್‌ನಲ್ಲಿ ಅದು ಆಗುವುದಿಲ್ಲ.

ನನ್ನದು ತೀರಾ ಚಿಕ್ಕ ಪಾದ. 4ನೇ ನಂಬರ್ ತಗೊಂಡು ಮುಂದೆ ಹತ್ತಿ ತುಂಬಿದರೆ ಸಾಲದಾ?

ಸಾಲುವುದಿಲ್ಲ. ಯಾಕೆ ಅಂತ ಒಂದು ಅಳತೆ ಇಟ್ಟುಕೊಂಡು ಹೇಳುತ್ತೇನೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರ ಪಾದ 214 ಮಿಲಿಮೀಟರ್. ಲೆಕ್ಕ ಹಾಕಿದರೆ ಯುಕೆ 2, ಯುರೋಪ್ 34. ಅವರು ಹಾಕುತ್ತಿದ್ದದ್ದು 4. ಎರಡು ಸೈಜ್ ಅಂದರೆ 17 ಮಿಲಿಮೀಟರ್ ಹೆಚ್ಚು. ಹತ್ತಿ ಆ ಜಾಗವನ್ನು ತುಂಬುತ್ತದೆ, ಆದರೆ ಶೂ ಆಕಾರವನ್ನು ಬದಲಿಸುವುದಿಲ್ಲ. ಪಾದ ಮಡಚುವುದು ಹಿಮ್ಮಡಿಯಿಂದ ಸುಮಾರು ಮುಕ್ಕಾಲು ಭಾಗದಲ್ಲಿ. ಅವರ ಪಾದದಲ್ಲಿ ಅದು 156 ಮಿಲಿಮೀಟರ್ ದೂರದಲ್ಲಿದೆ. 4ನೇ ನಂಬರಿನ ಶೂ ಮಡಚುವುದು ಸುಮಾರು 168ರಲ್ಲಿ. ಪಾದ ಒಂದು ಕಡೆ ಮಡಚುತ್ತದೆ, ಸೋಲ್ ಒಂದು ಸೆಂಟಿಮೀಟರ್‌ಗೂ ಹೆಚ್ಚು ಮುಂದೆ ಮಡಚುತ್ತದೆ. ಹೆಜ್ಜೆ ಎತ್ತಿದಾಗ ಸೋಲ್ ಜೊತೆಗೆ ಬರುವುದಿಲ್ಲ, ಹಿಮ್ಮಡಿ ಕಳಚುತ್ತದೆ.

ಅಂಗಾಲಿನ ಕಮಾನಿಗೆ ಅಂತ ಒಳಗೆ ಒಂದು ಉಬ್ಬು ಇರುತ್ತದಲ್ಲ, ಅದೂ ಮುಂದಕ್ಕೆ ಹೋಗಿರುತ್ತದೆ. ಕಮಾನಿನ ಕೆಳಗೆ ಇರಬೇಕಾದ ಉಬ್ಬು ಬೆರಳಿನ ಬುಡವನ್ನು ಒತ್ತುತ್ತದೆ. ಸಂಜೆ ಹೊತ್ತಿಗೆ ಅಂಗಾಲಿನ ಮುಂಭಾಗ ಉರಿಯುತ್ತದೆ ಅಂತ ಅವರು ಹೇಳುತ್ತಿದ್ದದ್ದು ಇದನ್ನೇ. ಹೀಲ್ಸ್ ಆದರೆ ಇದು ಇನ್ನೂ ಕೆಟ್ಟದಾಗುತ್ತದೆ, ಭಾರವೆಲ್ಲ ಮುಂದಕ್ಕೆ ಬೀಳುತ್ತದೆ.

ಅರ್ಧ ಸೈಜ್ ವ್ಯತ್ಯಾಸವಾದರೆ ಇಡೀ ಪಾದಕ್ಕೆ ಬರುವ ತೆಳು ಇನ್ಸೋಲ್ ಇನ್ನೊಂದು ಹಾಕಿ ಸರಿಮಾಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬಿಟ್ಟುಬಿಡಿ.

ಹಾಗಾದರೆ ಮಕ್ಕಳ ಶೂ ತಗೊಳ್ಳಬಹುದಾ?

ತಗೊಳ್ಳಬಹುದು, ನೋಡಿ ತಗೊಳ್ಳಬೇಕು. ಯುಕೆ ಲೆಕ್ಕದಲ್ಲಿ ಮಕ್ಕಳ ನಂಬರ್ 13ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ, ಅಲ್ಲಿಂದ ಮುಂದೆ ದೊಡ್ಡವರದ್ದೂ ಅದೇ ಸಾಲು. ಹಾಗಾಗಿ ಹುಡುಗರ 2 ಮತ್ತು ಹೆಂಗಸರ 2 ಉದ್ದದಲ್ಲಿ ಒಂದೇ. ಅಂಗಡಿಯಲ್ಲಿ "ಜೂನಿಯರ್" ಅಥವಾ "ಯೂತ್" ಅಂತ ಇರುವ ಕಡೆ 1, 2, 3 ಕೇಳಿ. 4, 5ರ ಗಂಡಸರಿಗೂ ಇದೇ ದಾರಿ.

ನೋಡಬೇಕಾದದ್ದು ಸೋಲ್. ಮಕ್ಕಳ ಸ್ಪೋರ್ಟ್ಸ್ ಶೂ ಒಳಗಿನ ಫೋಮ್ 25–30 ಕಿಲೋ ಮೈಭಾರಕ್ಕೆ ಸಾಕಾಗುವಷ್ಟು ಮಾತ್ರ ಇರುವುದುಂಟು. 50 ಕಿಲೋ ಇರುವವರು ದಿನಾ ವಾಕಿಂಗ್ ಹೋದರೆ ಅದು ಬೇಗ ಕುಸಿಯುತ್ತದೆ. ಹಿಮ್ಮಡಿ ಹತ್ತಿರ ಪಕ್ಕದಿಂದ ನೋಡಿ, ಫೋಮ್‌ನಲ್ಲಿ ಅಡ್ಡ ಸುಕ್ಕು ಬಿದ್ದು ಒತ್ತಿದರೆ ಮೇಲೆ ಏಳದಿದ್ದರೆ ಅದರ ಆಯಸ್ಸು ಮುಗಿದಿದೆ. ಓಡುವವರು ದೊಡ್ಡವರ ಮಾಡೆಲ್‌ನಲ್ಲೇ ಯುರೋಪ್ 35, 35.5 ಇರುವುದನ್ನು ಹುಡುಕುವುದು ಒಳ್ಳೆಯದು. ಆಫೀಸಿಗೆ ಕುಳಿತು ಮಾಡುವ ಕೆಲಸಕ್ಕೆ ಜೂನಿಯರ್ ಶೂ ಧಾರಾಳವಾಗಿ ಸಾಕು.

ನಾನು ಹೆಂಗಸು, ಪಾದ 9ನೇ ನಂಬರ್. ಗಂಡಸರ ಶೂ ಹಾಕಿದರೆ ಏನಾಗುತ್ತದೆ?

ಉದ್ದ ಸರಿಹೋಗುತ್ತದೆ, ಯುಕೆಯಲ್ಲಿ ಗಂಡಸರ 9 ಹೆಂಗಸರ 9 ಒಂದೇ ಉದ್ದ. ಆದರೆ ಗಂಡಸರ ಅಚ್ಚು ಹಿಮ್ಮಡಿಯಲ್ಲೂ ಅಗಲ. ನಿಮ್ಮ ಪಾದ ಮುಂದೆ ಅಗಲ, ಹಿಂದೆ ಸಣ್ಣ ಇದ್ದರೆ ಹಿಮ್ಮಡಿ ಆಡುತ್ತದೆ.

ಲೇಸ್ ಇರುವ ಶೂ ಆದರೆ ಉಪಾಯ ಇದೆ. ಸ್ಪೋರ್ಟ್ಸ್ ಶೂನಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಒಂದು ತೂತು ಹೆಚ್ಚಿಗೆ ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಒಂದು ಚಿಕ್ಕ ಕುಣಿಕೆ ಬಿಡಿ. ಎರಡೂ ಬದಿ ಹಾಗೆ ಮಾಡಿ, ಬಲಗಡೆಯ ತುದಿಯನ್ನು ಎಡಗಡೆಯ ಕುಣಿಕೆಯೊಳಗೆ, ಎಡಗಡೆಯದನ್ನು ಬಲಗಡೆಯ ಕುಣಿಕೆಯೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಒತ್ತಿ ಕೂರುತ್ತದೆ, ಬೆರಳಿನ ಕಡೆ ಬಿಗಿಯಾಗುವುದಿಲ್ಲ. ಬೆಲ್ಲಿ, ಲೋಫರ್ ಥರದ ಲೇಸ್ ಇಲ್ಲದವುಗಳಲ್ಲಿ ಈ ದಾರಿ ಇಲ್ಲ, ಅಲ್ಲಿ ಗಂಡಸರದ್ದು ತಗೊಳ್ಳಬೇಡಿ.

ಬಿಗಿ ಇರುವ ಶೂವನ್ನು ಹಿಗ್ಗಿಸಿಕೊಡುತ್ತಾರಂತೆ?

ಚರ್ಮವಾದರೆ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ. ಚಪ್ಪಲಿ ರಿಪೇರಿಯವರು ಮರದ ಅಚ್ಚು ಹಾಕಿ ಒಂದೆರಡು ದಿನ ಬಿಟ್ಟರೆ ಕೆಲವು ಮಿಲಿಮೀಟರ್ ಸಿಗುತ್ತದೆ. ಉದ್ದಕ್ಕೆ ಹಿಗ್ಗುವುದಿಲ್ಲ, ಸೋಲ್ ಅಲ್ಲೇ ಇರುತ್ತದಲ್ಲ. ರೆಕ್ಸಿನ್, ಸಿಂಥೆಟಿಕ್ ಆದರೆ ಹಿಗ್ಗಿಸಿದ್ದು ವಾಪಸ್ ಬರುತ್ತದೆ, ಇಲ್ಲವೇ ಹೊಲಿಗೆ ಬಿಡುತ್ತದೆ.

ಅಳತೆ ಕೊಟ್ಟು ಹೊಲಿಸುವುದಾದರೆ ಏನು ನೋಡಬೇಕು?

ಯುಕೆ 13ಕ್ಕಿಂತ ಮೇಲೆ, 2ಕ್ಕಿಂತ ಕೆಳಗೆ ಇರುವವರಿಗೆ ಫಾರ್ಮಲ್ ಶೂನಲ್ಲಿ ಇದೇ ಒಳ್ಳೆಯ ದಾರಿ. ಆದರೆ ಹೊಲಿಯುವವರಿಗೆ ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ನನ್ನ ಉದ್ದದ ಅಚ್ಚು ನಿಮ್ಮ ಹತ್ತಿರ ಇದೆಯಾ? ಅಗಲ ಕಮ್ಮಿ ಇದ್ದರೆ ಅಚ್ಚಿನ ಮೇಲೆ ಚರ್ಮದ ತುಂಡು ಅಂಟಿಸಿ ಏರಿಸಿಕೊಳ್ಳಬಹುದು. ಮುಂದೆ ತುಂಡು ಅಂಟಿಸಿ ಉದ್ದ ಮಾಡುತ್ತೇನೆ ಅಂದರೆ ಒಪ್ಪಬೇಡಿ. ಮಡಚುವ ಜಾಗ ಹಿಂದೆಯೇ ಉಳಿಯುತ್ತದೆ, ಬ್ಯಾಂಕಿನವರ ತೊಂದರೆಯೇ ಉಲ್ಟಾ ಆಗಿ ಬರುತ್ತದೆ.

ಎರಡನೆಯದು, ಸೋಲ್ ಯಾವುದು? ರೆಡಿಮೇಡ್ ಸೋಲ್‌ಗಳು ಬರುವುದೂ ಮಾಮೂಲಿ ಸೈಜುಗಳಲ್ಲೇ. 10ರ ಸೋಲ್‌ಗೆ 13ರ ಅಪ್ಪರ್ ಎಳೆದು ಕೂರಿಸಿದರೆ ಪಾದ ಸೋಲ್‌ನ ಅಂಚು ದಾಟಿ ಹೊರಗೆ ಚಾಚುತ್ತದೆ, ಅಂಟೂ ಬೇಗ ಬಿಡುತ್ತದೆ. ರಬ್ಬರ್ ಶೀಟ್ ಅಥವಾ ಚರ್ಮದಿಂದ ನಿಮ್ಮ ಅಳತೆಗೇ ಕತ್ತರಿಸಿ ಹಾಕಲು ಹೇಳಿ.

ಮೂರನೆಯದು, ಸೋಲ್ ಅಂಟಿಸುವ ಮೊದಲು ಒಂದು ಸಲ ಹಾಕಿ ನೋಡಲು ಕೊಡುತ್ತೀರಾ? ಕೊಡುವುದಿಲ್ಲ ಅಂದರೆ ಬೇರೆಯವರನ್ನು ನೋಡಿ.

ಅಳತೆ ಕೊಡುವಾಗ ಹಾಳೆಯ ಗೆರೆ ಸಾಲುವುದಿಲ್ಲ. ಬೆರಳಿನ ಗಂಟುಗಳ ಸುತ್ತ ಮತ್ತು ಪಾದದ ಮೇಲಿನ ಉಬ್ಬಿನ ಸುತ್ತ ಟೇಪ್ ಹಿಡಿದು ಸುತ್ತಳತೆಯನ್ನೂ ತೆಗೆಸಿ.

ಚಪ್ಪಲಿ ಸಾಕು ಅನ್ನುವವರಿಗೆ ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳಿದ್ದಾರೆ. ಕೊಲ್ಹಾಪುರಿ ಚಪ್ಪಲಿಯ ಜಿಐ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಇದು ಪೂರ್ತಿ ಕೈಕೆಲಸ, ಮೋಲ್ಡ್ ಇಲ್ಲ. ಹಾಗಾಗಿ 13 ಆಗಲಿ 2 ಆಗಲಿ, ಪಾದದ ಗೆರೆ ಕಳಿಸಿದರೆ ಅದಕ್ಕೆ ತಕ್ಕ ಚರ್ಮ ಕತ್ತರಿಸುತ್ತಾರೆ. ಹೊಸದರಲ್ಲಿ ಉಂಗುಷ್ಠ ಬಿಗಿಯಾಗಿಯೇ ಇರಬೇಕು, ಹಾಕುತ್ತಾ ಹಾಕುತ್ತಾ ಚರ್ಮ ಸಡಿಲುತ್ತದೆ. ಹಿಮ್ಮಡಿ ಮಾತ್ರ ಮೊದಲ ದಿನವೇ ಅಂಚಿನ ಒಳಗೆ ಇರಬೇಕು.

ಅಮೆರಿಕದಲ್ಲಿರುವ ತಮ್ಮನ ಕೈಯಲ್ಲಿ ತರಿಸಲಾ?

ತರಿಸಿ, ಅಲ್ಲಿ ದೊಡ್ಡ ಸೈಜೂ ಅಗಲಗಳೂ ಜಾಸ್ತಿ ಸಿಗುತ್ತವೆ. ಆದರೆ "12 ತಗೊಂಡು ಬಾ" ಅನ್ನಬೇಡಿ. ಗಂಡಸರ ಶೂನಲ್ಲಿ ಅಲ್ಲಿನ 12 ಇಲ್ಲಿನ 11. ಹೆಂಗಸರದ್ದು ಇನ್ನೂ ದೂರ, ಅಲ್ಲಿನ 4 ಇಲ್ಲಿನ 2ರ ಹತ್ತಿರ. ಮಿಲಿಮೀಟರ್ ಅಳತೆ ಮತ್ತು ಈಗ ಸರಿಯಾಗಿ ಹಿಡಿಸುವ ಶೂ ಇದ್ದರೆ ಅದರ ನಾಲಿಗೆ ಒಳಗಿನ ಲೇಬಲ್‌ನ ಫೋಟೋ ಕಳಿಸಿ. ಅಲ್ಲಿಂದ ಬಂದದ್ದನ್ನು ಬದಲಾಯಿಸುವುದು ಕಷ್ಟ, ಹಾಗಾಗಿ ನೀವು ಮೊದಲೇ ಹಾಕಿ ನೋಡಿದ ಕಂಪನಿಯದ್ದನ್ನೇ ಹೇಳಿ.

ಆನ್‌ಲೈನ್‌ನಲ್ಲಿ ತರಿಸಿದ್ದು ಸರಿಯಿದೆ ಅಂತ ತೀರ್ಮಾನಿಸುವುದು ಹೇಗೆ?

ಟ್ಯಾಗ್ ಕೀಳಬೇಡಿ, ಹೊರಗೆ ಹಾಕಿಕೊಂಡು ಹೋಗಬೇಡಿ. ಸಂಜೆ, ಚಾಪೆ ಅಥವಾ ಕಾರ್ಪೆಟ್ ಮೇಲೆ, ಎರಡೂ ಕಾಲಿಗೆ ಹಾಕಿ ಹದಿನೈದು ನಿಮಿಷ ಓಡಾಡಿ. ಮೆಟ್ಟಿಲಿದ್ದರೆ ಬಟ್ಟೆ ಹಾಸಿ ಇಳಿಯಿರಿ, ಬೆರಳು ಮುಂದೆ ತಾಗಿದರೆ ಗಿಡ್ಡ. ತುದಿಗಾಲಲ್ಲಿ ನಿಂತು ನೋಡಿ, ಸೋಲ್ ಬೆರಳಿನ ಬುಡದಲ್ಲೇ ಮಡಚಬೇಕು. ಕಳಚಿ ಸಾಕ್ಸ್ ತೆಗೆದು ಪಾದ ನೋಡಿ. ಎಲ್ಲಾದರೂ ಕೆಂಪು ಗುರುತು ಉಳಿದಿದ್ದರೆ ವಾಪಸ್ ಕಳಿಸಿ. "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅನ್ನುವುದು ಚರ್ಮದ ಬಿಗಿಗೆ ಸ್ವಲ್ಪ ನಿಜ, ಉದ್ದಕ್ಕೆ ಎಂದೂ ಅಲ್ಲ.

ಎರಡು ಪಾದಕ್ಕೂ ಒಂದು ಸೈಜಿನಷ್ಟೇ ವ್ಯತ್ಯಾಸ ಇದೆ. ಏನು ಮಾಡಲಿ?

ದೊಡ್ಡ ಪಾದಕ್ಕೆ ಸರಿಹೋಗುವುದನ್ನು ತಗೊಳ್ಳಿ. ಚಿಕ್ಕ ಪಾದದ ಶೂಗೆ ಇಡೀ ಉದ್ದದ ತೆಳು ಇನ್ಸೋಲ್ ಹಾಕಿ, ಲೇಸ್ ಹಿಂದೆ ಹೇಳಿದ ಹಾಗೆ ಕಟ್ಟಿ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹೊಲಿಸುವುದೇ ಸರಿ, ಎರಡು ಅಚ್ಚು ಬೇರೆ ಬೇರೆ ತಗೊಳ್ಳಲು ಹೇಳಿ.

ನನಗೆ ಸಕ್ಕರೆ ಕಾಯಿಲೆ ಇದೆ. ಇದೇ ಪರೀಕ್ಷೆಗಳು ನನಗೂ ಸಾಕಾ?

ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾಗಿದ್ದರೆ ಶೂ ಒತ್ತುವುದು ನಿಮಗೆ ಗೊತ್ತೇ ಆಗುವುದಿಲ್ಲ. "ಆರಾಮಾಗಿದೆ" ಅನ್ನಿಸಿದ ಶೂ ಒಳಗೇ ಗಾಯ ಆಗಿರಬಹುದು. ಇನ್ಸೋಲ್ ಮೇಲೆ ನಿಂತು ಅಳೆಯುವ ಪರೀಕ್ಷೆಯನ್ನು ಬೇರೆಯವರ ಕಣ್ಣಿಂದ ಮಾಡಿಸಿ. ಹೊಸ ಶೂವನ್ನು ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಹಾಕಿ, ಕಳಚಿದ ಮೇಲೆ ಪ್ರತಿ ಸಲವೂ ಅಂಗಾಲು, ಬೆರಳ ಸಂದು ನೋಡಿಸಿ. ಮೊದಲೇ ಹುಣ್ಣಾಗಿದ್ದವರು, ಆಣಿ ಇರುವವರು ಅಂಗಡಿಗೆ ಹೋಗುವ ಮೊದಲು ವೈದ್ಯರಿಗೆ ಪಾದ ತೋರಿಸಿ. ಮೆತ್ತನೆಯ ಎಂಸಿಆರ್ ರಬ್ಬರ್ ಹಾಸಿದ ಚಪ್ಪಲಿಯನ್ನು ಅವರು ಬರೆದುಕೊಡಬಹುದು. ಅದನ್ನೂ ನಿಮ್ಮ ಪಾದದ ಗೆರೆ ತೆಗೆದು ಮಾಡಿಸಿಕೊಳ್ಳಬಹುದು.